1935ರ ಏಪ್ರಿಲ್‌ನಲ್ಲಿ ಹುಟ್ಟಿದ ಅಜ್ಜನಿಗೆ ಭಾವ ಸಂವತ್ಸರವೋ ಯುವ ಸಂವತ್ಸರವೋ?

ತೋಟದಮನೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಕುಟುಂಬದ ವಂಶಾವಳಿ ಬರೆದು ಪುಸ್ತಕ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ಹುಟ್ಟಿದ ತಾರೀಕಿನ ಪಕ್ಕದಲ್ಲಿ ಸಂವತ್ಸರದ ಹೆಸರೂ ಇರಲೇಬೇಕು ಅಂತ ದೊಡ್ಡಪ್ಪನ ಹಠ. ಅರುವತ್ತು ಹೆಸರಿನ ಪಟ್ಟಿ ಹಳೆಯ ಪಂಚಾಂಗದಲ್ಲಿ ಸಿಕ್ಕಿತು. ಲೆಕ್ಕವೂ ಸುಲಭದ್ದೇ: ಇಸವಿಯಿಂದ 6 ಕಳೆಯುವುದು, 60ರಿಂದ ಭಾಗಿಸುವುದು, ಉಳಿದ ಶೇಷ ಎಷ್ಟೋ ಪಟ್ಟಿಯಲ್ಲಿ ಅಷ್ಟನೆಯ ಹೆಸರು. ಶೇಷ ಸೊನ್ನೆ ಬಂದರೆ ಕೊನೆಯ ಅಕ್ಷಯ.

ಅಪ್ಪ ಹುಟ್ಟಿದ್ದು 1962ರ ಜೂನ್. 6 ಕಳೆದರೆ 1956, ಶೇಷ 36, ಶುಭಕೃತು. ಜಾತಕದಲ್ಲೂ ಶುಭಕೃತು ಎಂದೇ ಉಂಟು. ಹೆಚ್ಚಿನವರದ್ದು ಹೀಗೆ ಸರಿಯಾಗಿ ಕೂತಿತು. ಇದುವರೆಗೆ ನೋಡಿದ್ದರಲ್ಲಿ ಎರಡು ಮಾತ್ರ ಕೂರುತ್ತಿಲ್ಲ. ಅತ್ತೆ ಹುಟ್ಟಿದ್ದು 1959 ಜನವರಿ 20. ಲೆಕ್ಕದಲ್ಲಿ ವಿಕಾರಿ ಬರುತ್ತದೆ, ಜಾತಕದಲ್ಲಿ ವಿಳಂಬಿ. ಅಜ್ಜ ಹುಟ್ಟಿದ್ದು ಶಾಲೆಯ ದಾಖಲೆ ಪ್ರಕಾರ 1935 ಏಪ್ರಿಲ್ 8. ಲೆಕ್ಕದಲ್ಲಿ ಯುವ, ಜಾತಕದಲ್ಲಿ ಭಾವ.

ಲೆಕ್ಕ ತಪ್ಪೋ, ಜಾತಕ ಬರೆದವರು ತಪ್ಪಿದರೋ, ಅಲ್ಲ ಶಾಲೆಯ ತಾರೀಕೇ ಸುಳ್ಳೋ? ಗೊತ್ತಿದ್ದವರು ಹೇಳಿ ಮಾರಾಯ್ರೆ. ದೊಡ್ಡಪ್ಪ ದಿನಾ ಕೇಳುತ್ತಿದ್ದಾರೆ.

ಹೊಸೂರಿನವ

ಲೆಕ್ಕ ಸರಿ ಇದೆ ಸಾರ್, ಆದರೆ ಅರ್ಧ ಮಾತ್ರ ಇದೆ. ಇಸವಿ ಜನವರಿ 1ಕ್ಕೆ ಬದಲಾಗುತ್ತೆ, ಸಂವತ್ಸರ ಯುಗಾದಿಗೆ ಬದಲಾಗುತ್ತೆ. ಯುಗಾದಿಗೆ ಮೊದಲು ಹುಟ್ಟಿದವರಿಗೆ ಹಿಂದಿನ ಇಸವಿ ಇಟ್ಟುಕೊಂಡು ಲೆಕ್ಕ ಮಾಡಬೇಕು. ನಿಮ್ಮ ಅತ್ತೆಯವರದ್ದು ಜನವರಿ. ಹಾಗಾಗಿ 1958 ಇಟ್ಟುಕೊಳ್ಳಿ. 1952, ಶೇಷ 32, ವಿಳಂಬಿ. ಜಾತಕ ಸರಿಯಾಗೇ ಇದೆ.

ಅಜ್ಜನವರದ್ದು ಬೇರೆ. 1935ರ ಯುಗಾದಿ ಏಪ್ರಿಲ್ 4ನೇ ತಾರೀಕು ಗುರುವಾರ. ಅವರು ಹುಟ್ಟಿದ್ದು 8ನೇ ತಾರೀಕು, ಅಂದರೆ ಹಬ್ಬ ಆಗಿ ನಾಲ್ಕು ದಿನ ಆಗಿತ್ತು. ಯುವ ಸಂವತ್ಸರ ಶುರುವಾಗಿ ಹೋಗಿದೆ. ಜಾತಕ ಬರೆದವರು ಹಳೇ ಹೆಸರು ಕೈಯಭ್ಯಾಸದಲ್ಲಿ ಬರೆದುಬಿಟ್ಟಿರಬೇಕು. ಹೊಸ ವರ್ಷ ಬಂದ ಹೊಸತರಲ್ಲಿ ನಾವೂ ಚೆಕ್ ಮೇಲೆ ಹಳೇ ಇಸವಿ ಬರೆಯಲ್ವಾ, ಹಾಗೆ. ಪುಸ್ತಕದಲ್ಲಿ ಯುವ ಅಂತ ತಿದ್ದಿ ಹಾಕಿ.

ಸೊಲ್ಲಾಪುರ ಸಿದ್ದು

ನನಗೂ ಇದೇ ಗೊಂದಲ ಆಗೇದ ನೋಡ್ರಿ. ನನ್ನ ಮಗಳು ಹುಟ್ಟಿದ್ದು 2000ದ ಡಿಸೆಂಬರ್‌ದಾಗ. ನಮ್ಮ ಮನ್ಯಾಗಿನ ಪಂಚಾಂಗದಾಗ ವಿಕ್ರಮ ಸಂವತ್ಸರ ಅಂತ ಅದ. ನಮ್ಮ ಅಂಗಡಿ ಪಾಲುದಾರ ಮಾರವಾಡಿ ಮಂದಿ, ಅವರ ಕ್ಯಾಲೆಂಡರ್‌ದಾಗೂ ವಿಕ್ರಮ ಸಂವತ್ 2057 ಅಂತ ಬರದಾರ. ಹಂಗಂದ್ರ ಎರಡೂ ಒಂದs ಆತಲ್ಲ? ಮತ್ತ ಮುಂದಿನ ವರ್ಷಕ್ಕ ಅವರದು ಇನ್ನೂ ವಿಕ್ರಮನs ಇತ್ತು, ನಮ್ಮದು ವೃಷ ಆತು. ಅದು ಹೆಂಗ?

ಪೆರ್ಲ ಮೇಷ್ಟ್ರು

ಸಿದ್ದು ಅವರೇ, ನಿಮ್ಮ ಮಗಳ ವಿಕ್ರಮ ಅರುವತ್ತು ಹೆಸರುಗಳಲ್ಲಿ ಹದಿನಾಲ್ಕನೆಯದು. ಒಂದೇ ವರ್ಷ ಇದ್ದು ಹೋಗುತ್ತದೆ, ಮತ್ತೆ ಬರಲು ಅರುವತ್ತು ವರ್ಷ ಬೇಕು. 1940ರಲ್ಲಿ ಬಂದಿತ್ತು, 2000ದಲ್ಲಿ ಬಂತು. ನಿಮ್ಮ ಪಾಲುದಾರರ ಕ್ಯಾಲೆಂಡರಿನದ್ದು ಶಕೆಯ ಹೆಸರು. ಅದು ಪ್ರತಿ ವರ್ಷವೂ ವಿಕ್ರಮವೇ, ಸಂಖ್ಯೆ ಮಾತ್ರ ಏರುತ್ತದೆ. ಆ ವರ್ಷ ಎರಡೂ ಒಟ್ಟಿಗೆ ಬಂದದ್ದು ಕಾಕತಾಳೀಯ.

ಈಗ ಬದಿಯಡ್ಕದವರ ಅಜ್ಜನ ವಿಷಯ. ಹೊಸೂರಿನವರು ಅತ್ತೆಯ ಜಾತಕದ ಬಗ್ಗೆ ಹೇಳಿದ್ದು ಸರಿ. ಅಜ್ಜನ ಜಾತಕ ತಿದ್ದುವ ಮೊದಲು ಸ್ವಲ್ಪ ತಡೆಯಿರಿ. ಅವರು ಹಿಡಿದದ್ದು ಚಾಂದ್ರಮಾನ ಯುಗಾದಿ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಹೊಸ ವರ್ಷ ಅಂದರೆ ಬಿಸು. ಸೂರ್ಯ ಮೇಷಕ್ಕೆ ಬಂದ ಮೇಲೆ, ಏಪ್ರಿಲ್ 14ರ ಆಸುಪಾಸಿನಲ್ಲಿ. ಸೌರಮಾನದಲ್ಲಿ ಜಾತಕ ಬರೆಯುವವರು ಆ ದಿನದವರೆಗೆ ಹಳೆಯ ಸಂವತ್ಸರದ ಹೆಸರನ್ನೇ ಬರೆಯುತ್ತಾರೆ. ಅದು ಮರೆವಲ್ಲ, ಅವರ ಕ್ರಮ.

1935ರಲ್ಲಿ ಯುಗಾದಿ ಏಪ್ರಿಲ್ 4ಕ್ಕೆ ಬಂತು, ಬಿಸು 14ಕ್ಕೆ. ನಡುವಿನ ಹತ್ತು ದಿನ ಒಂದೇ ಊರಿನಲ್ಲಿ ಎರಡು ಹೆಸರು ನಡೆಯುತ್ತಿತ್ತು. ಆ ದಿನಗಳಲ್ಲಿ ಹುಟ್ಟಿದ ಮಗುವಿಗೆ ಚಾಂದ್ರಮಾನದ ಮನೆಯಲ್ಲಿ ಯುವ, ಸೌರಮಾನದ ಮನೆಯಲ್ಲಿ ಭಾವ.

ಜಾತಕದ ಮೊದಲ ಸಾಲನ್ನು ಇದ್ದ ಹಾಗೆ ಇಲ್ಲಿ ಹಾಕುತ್ತೀರಾ? ತಿಂಗಳ ಹೆಸರು ಏನಿದೆ, ಶಕ ವರ್ಷ ಬರೆದಿದ್ದಾರೋ ಇಲ್ಲವೋ ನೋಡಬೇಕು.

ತೋಟದಮನೆ, ಬದಿಯಡ್ಕ

ಮೇಷ್ಟ್ರೇ, ಇಗೋ ಸಾಲು: "ಸ್ವಸ್ತಿ ಶ್ರೀ ಶಾಲಿವಾಹನ ಶಕ ವರುಷ 1856ನೆಯ ಭಾವ ಸಂವತ್ಸರದ ಮೀನ ಮಾಸ ದಿನ 26 ಸೋಮವಾರ ಶುಕ್ಲ ಪಕ್ಷ". ಮುಂದೆ ನಕ್ಷತ್ರದ ಹತ್ತಿರ ಗೆದ್ದಲು ತಿಂದಿದೆ.

ಹೊಸೂರಿನವ

1935ರಿಂದ 78 ಕಳೆದರೆ 1857. ಇವರು 1856 ಅಂತ ಬರೆದಿದ್ದಾರೆ. ನೋಡಿ, ಶಕ ವರ್ಷವೂ ತಪ್ಪು. ನಾನು ಹೇಳಿದ್ದು ಇದನ್ನೇ.

ಪೆರ್ಲ ಮೇಷ್ಟ್ರು

ಇಲ್ಲ, ಅದೇ ನನಗೆ ಬೇಕಾಗಿದ್ದ ಸಾಕ್ಷಿ. ಜಾತಕ ಬರೆದವರು ಹೆಸರನ್ನು ಮಾತ್ರ ಮರೆತಿದ್ದರೆ 1857 ಎಂದು ಬರೆದು ಪಕ್ಕದಲ್ಲಿ ಭಾವ ಎಂದು ಬರೆಯುತ್ತಿದ್ದರು. ಆಗ ಎರಡರಲ್ಲಿ ಒಂದು ತಪ್ಪು ಅಂತ ಖಂಡಿತ ಹೇಳಬಹುದಿತ್ತು. ಇಲ್ಲಿ ಎರಡೂ ಒಂದೇ ವರ್ಷವನ್ನು ಹೇಳುತ್ತಿವೆ.

ಶಕ ವರ್ಷದಿಂದ ಹೆಸರು ತೆಗೆಯುವ ಲೆಕ್ಕ ಇಸವಿಯ ಲೆಕ್ಕಕ್ಕಿಂತ ನೇರ. ಶಕ ವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. 1856ಕ್ಕೆ 12 ಕೂಡಿಸಿದರೆ 1868. ಅರುವತ್ತು ಮೂವತ್ತೊಂದಲ 1860, ಶೇಷ 8. ಎಂಟನೆಯ ಹೆಸರು ಭಾವ. ಶಕ ವರ್ಷವೂ ಸಂವತ್ಸರವೂ ಒಂದೇ ದಿನ ಬದಲಾಗುವುದರಿಂದ ಇಲ್ಲಿ ಒಂದು ಕಳೆಯಬೇಕೋ ಬೇಡವೋ ಎಂಬ ತಾಪತ್ರಯವೇ ಇಲ್ಲ. 6 ಕಳೆಯುವ ಲೆಕ್ಕವೂ ಇದರಿಂದಲೇ ಬಂದದ್ದು: ಇಸವಿಯಿಂದ 78 ಕಳೆದು 12 ಕೂಡಿಸಿದರೆ 66 ಕಳೆದ ಹಾಗಾಯಿತು. ಅದರಲ್ಲಿ 60 ಭಾಗಾಕಾರದಲ್ಲಿ ಹೋಗುತ್ತದೆ, ಉಳಿಯುವುದು 6.

ಇನ್ನು ತಾರೀಕು. ಆ ವರ್ಷ ಮೀನ ಸಂಕ್ರಮಣ ಮಾರ್ಚ್ 14ರ ಹೊತ್ತಿಗೆ. ಅದನ್ನೇ ಒಂದನೆಯ ದಿನ ಎಂದು ಹಿಡಿದರೆ 26ನೆಯ ದಿನ ಏಪ್ರಿಲ್ 8. ಸಂಕ್ರಮಣ ಹಗಲಾಯಿತೋ ರಾತ್ರಿಯಾಯಿತೋ ಎಂಬುದರ ಮೇಲೆ ತಿಂಗಳ ಮೊದಲ ದಿನವನ್ನು ಒಬ್ಬೊಬ್ಬರು ಒಂದೊಂದು ರೀತಿ ಹಿಡಿಯುತ್ತಾರೆ. ಹಾಗಾಗಿ ದಿನದ ಸಂಖ್ಯೆಯನ್ನು ಮಾತ್ರ ನಂಬಿದರೆ ಒಂದು ದಿನ ಆಚೀಚೆ ಆಗಬಹುದು. ಆದರೆ ಇಲ್ಲಿ ವಾರವೂ ಉಂಟಲ್ಲ. 1935ರ ಏಪ್ರಿಲ್ 8 ಸೋಮವಾರವೇ. ಅಮಾವಾಸ್ಯೆ 3ಕ್ಕೆ ಕಳೆದಿದೆ, ಆದ್ದರಿಂದ ಶುಕ್ಲ ಪಕ್ಷವೂ ಸರಿ.

ಜಾತಕವೂ ಶಾಲೆಯ ತಾರೀಕೂ ಒಂದೇ ದಿನವನ್ನು ಹೇಳುತ್ತಿವೆ. ನನಗೆ ಆಶ್ಚರ್ಯ ಆಗುವುದು ಶಾಲೆಯ ತಾರೀಕಿನ ಬಗ್ಗೆ. ಆ ಕಾಲದವರ ದಾಖಲೆಯಲ್ಲಿ ತಾರೀಕು ಇಷ್ಟು ಸರಿಯಾಗಿ ಇರುವುದು ಅಪರೂಪ. ಸೇರಿಸಲು ಹೋದವರು ಜಾತಕ ಹಿಡಿದುಕೊಂಡೇ ಹೋಗಿರಬೇಕು.

ನೀರ್ಚಾಲು ಚಿಕ್ಕಮ್ಮ

ನಮ್ಮ ಮಾವನವರ ತಾರೀಕು ಜೂನ್ 1. ಅವರ ತಮ್ಮನದ್ದೂ ಜೂನ್ 1. ತಂಗಿಯದ್ದೂ ಅದೇ. ಆ ಮನೆಯಲ್ಲಿ ಎಲ್ಲ ಮಕ್ಕಳೂ ಶಾಲೆ ಶುರುವಾಗುವ ದಿನವೇ ಹುಟ್ಟಿದ್ದು!

ಲೆಕ್ಕ ಅಂದರೆ ನನಗೆ ಆಗದು, ಭಾಗಾಕಾರ ಎಲ್ಲ ಯಾರಿಗೆ ಬೇಕು. ನಮ್ಮ ಅಮ್ಮ ಹೇಳಿಕೊಟ್ಟದ್ದು ಬೇರೆ. ಪ್ರಭವ, ಸರ್ವಜಿತ್, ಪ್ಲವಂಗ, ಈ ಮೂರು ನೆನಪಿಟ್ಟರೆ ಸಾಕು. ಪಟ್ಟಿಯನ್ನು ಇಪ್ಪತ್ತಿಪ್ಪತ್ತು ಮಾಡಿದರೆ ಈ ಮೂರು ಮೊದಲು ಬರುತ್ತವೆ. 1927 ಪ್ರಭವ, 1947 ಸರ್ವಜಿತ್, 1967 ಪ್ಲವಂಗ, 1987 ಮತ್ತೆ ಪ್ರಭವ, 2007 ಸರ್ವಜಿತ್, 2027 ಪ್ಲವಂಗ. ಹತ್ತಿರದ್ದನ್ನು ಹಿಡಿದು ಅಲ್ಲಿಂದ ಬಾಯಲ್ಲಿ ಹೇಳಿಕೊಂಡು ಹೋಗುವುದು. ಸ್ವಾತಂತ್ರ್ಯ ಬಂದದ್ದು ಸರ್ವಜಿತ್‌ನಲ್ಲಿ ಅಂತ ಅಮ್ಮ ಯಾವಾಗಲೂ ಹೇಳುತ್ತಿದ್ದರು, ಅದರಿಂದ ಮರೆಯುವುದೇ ಇಲ್ಲ. ಕಾಸರಗೋಡು ಕೇರಳಕ್ಕೆ ಹೋದದ್ದು 1956 ನವೆಂಬರ್. ಸರ್ವಜಿತ್‌ನಿಂದ ಒಂಬತ್ತು ಮುಂದೆ ಎಣಿಸಿ, ದುರ್ಮುಖಿ. ಹೆಸರು ಕೇಳಿ ಅಮ್ಮ ನಗುತ್ತಿದ್ದರು.

ಹೊಸೂರಿನವ

ಮೇಷ್ಟ್ರೇ, ನಮ್ಮ ಪಕ್ಕದ ಮನೆ ತಮಿಳರ ಪಂಚಾಂಗದಲ್ಲೂ ಚಿತ್ತಿರೈ ಒಂದಕ್ಕೆ, ಏಪ್ರಿಲ್ 14ಕ್ಕೇ ಹೆಸರು ಬದಲಾಗುತ್ತೆ. ಅದು ನೋಡಿದ್ದೀನಿ. ಹೆಸರುಗಳೂ ಇವೇ. ಆದರೆ ನಾವು ಕನ್ನಡದವರು ಯುಗಾದಿ ಅಲ್ವಾ ಹಿಡಿಯೋದು? ಕನ್ನಡ ಪುಸ್ತಕದಲ್ಲಿ ಭಾವ ಅಂತ ಹಾಕಿ ಪಕ್ಕದಲ್ಲಿ 1935 ಏಪ್ರಿಲ್ 8 ಅಂತ ಹಾಕಿದರೆ, ಬೆಂಗಳೂರಲ್ಲಿ ಓದಿದವರು ತಪ್ಪು ಅಂತಾರೆ.

ಪೆರ್ಲ ಮೇಷ್ಟ್ರು

ಹೇಳಲಿ. ಅವರ ಊರಿನ ಕ್ರಮ ಅವರಿಗೆ. ನಮ್ಮಲ್ಲಿಯೇ ಎಲ್ಲರೂ ಒಂದೇ ಅಲ್ಲ. ಕೊಂಕಣಿ ಸಾರಸ್ವತರ ಮನೆಗಳಲ್ಲಿ ಚಾಂದ್ರಮಾನ ಯುಗಾದಿ, ಅದೇ ಪೇಟೆಯಲ್ಲಿ ನಾಲ್ಕು ಮನೆ ಆಚೆ ಬಿಸು ಕಣಿ. ನಮ್ಮ ಕಡೆಯ ಪಂಚಾಂಗದಲ್ಲಿ ಎರಡೂ ಯುಗಾದಿ ಅಚ್ಚಾಗಿರುತ್ತದೆ. ಹಾಗಾಗಿ ಭಾಷೆ ನೋಡಿ ನಿರ್ಧರಿಸಬೇಡಿ, ಕಾಗದ ನೋಡಿ. ತಿಂಗಳು ಮೇಷ, ವೃಷಭ, ಮೀನ ಎಂದಿದ್ದರೆ ಬರೆದವರು ಸೌರಮಾನದವರು. ಪಗ್ಗು, ಬೇಸ, ಸುಗ್ಗಿ ಎಂದಿದ್ದರೂ ಅದೇ. ಚೈತ್ರ, ವೈಶಾಖ ಎಂದು ಶುರುವಾದರೆ ಚಾಂದ್ರಮಾನ. ಈ ಜಾತಕದಲ್ಲಿ ಮೀನ ಮಾಸ ಎಂದು ಸ್ಪಷ್ಟವಾಗಿ ಉಂಟು.

ಈ ತೊಂದರೆ ವರ್ಷದ ಒಂದು ತುಂಡಿನಲ್ಲಿ ಮಾತ್ರ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಯಾರ ಲೆಕ್ಕದಲ್ಲೂ ಹಿಂದಿನ ಇಸವಿಯ ಹೆಸರು. ಏಪ್ರಿಲ್ ಮಧ್ಯ ದಾಟಿದರೆ ಎಲ್ಲರಿಗೂ ಅದೇ ಇಸವಿಯ ಹೆಸರು. ನಡುವಿನ ತಿಂಗಳಲ್ಲಿ ಹುಟ್ಟಿದವರಿದ್ದರೆ ಆ ವರ್ಷದ ಯುಗಾದಿ ಯಾವತ್ತು ಎಂದು ಹುಡುಕಲೇಬೇಕು. ಕೆಲವು ವರ್ಷ ಎರಡು ಹಬ್ಬಗಳ ನಡುವೆ ಅಂತರವೇ ಇರುವುದಿಲ್ಲ. 2021ರಲ್ಲಿ ಯುಗಾದಿ ಏಪ್ರಿಲ್ 13, ಮರುದಿನ ಬಿಸು. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೇ ಬಂದದ್ದರಿಂದ ಹೆಚ್ಚುಕಡಿಮೆ ನಾಲ್ಕು ವಾರ ಒಬ್ಬರಿಗೆ ಪರಾಭವ, ಇನ್ನೊಬ್ಬರಿಗೆ ವಿಶ್ವಾವಸು.

ಜನವರಿಯ ವಿಷಯದಲ್ಲಿ ಓದಿದವರೂ ಎಡವುತ್ತಾರೆ. ರಕ್ಕಸತಂಗಡಿ ಯುದ್ಧ ನಡೆದದ್ದು 1565ರ ಜನವರಿಯಲ್ಲಿ. 1565ನ್ನು ಹಾಗೇ ಹಾಕಿದರೆ ಶೇಷ 59, ಕ್ರೋಧನ. ಆದರೆ ಯುದ್ಧ ಆದದ್ದು ರಕ್ತಾಕ್ಷಿ ಸಂವತ್ಸರದಲ್ಲಿ, ಶಕ 1486. ಅದಕ್ಕೆ 12 ಕೂಡಿಸಿದರೆ 1498, ಶೇಷ 58. ಸರಿಯಾಗಿ ರಕ್ತಾಕ್ಷಿ. ವಿಷಯ ಗೊತ್ತಿಲ್ಲದವರು ಇಸವಿಯ ಲೆಕ್ಕ ಮಾಡಿ ನೋಡಿ, ಬರೆದಿಟ್ಟವರದೇ ತಪ್ಪು ಎಂದುಬಿಡುತ್ತಾರೆ.

ಲೆಕ್ಕದಕ್ಕ, ಕಾಸರಗೋಡು

ಬದಿಯಡ್ಕದಣ್ಣ, ಇಷ್ಟೊಂದು ಜನರ ಹೆಸರನ್ನು ಕೈಯಲ್ಲಿ ಲೆಕ್ಕ ಮಾಡುತ್ತಾ ಕೂರಬೇಡಿ. ಎಕ್ಸೆಲ್‌ನಲ್ಲಿ ಒಂದು ಸಾಲು ಸಾಕು. ಹುಟ್ಟಿದ ತಾರೀಕು B ಕಾಲಂನಲ್ಲಿ, ಆ ಇಸವಿಯ ಹೊಸ ವರ್ಷದ ತಾರೀಕು C ಕಾಲಂನಲ್ಲಿ, ಅರುವತ್ತು ಹೆಸರು H ಕಾಲಂನಲ್ಲಿ ಮೇಲಿಂದ ಕೆಳಗೆ ಕ್ರಮವಾಗಿ ಹಾಕಿ. ಆಮೇಲೆ ಇದು:

```
=INDEX($H$1:$H$60, MOD(YEAR(B2)-7-IF(B2<C2,1,0), 60)+1)
```

ನೀವು 6 ಕಳೆದಿರಿ, ಇಲ್ಲಿ 7 ಕಳೆದು ಕೊನೆಗೆ 1 ಕೂಡಿಸಿದ್ದೇನೆ. ಸೊನ್ನೆ ಬಂದಾಗ ಅಕ್ಷಯ ಎಂದು ಬೇರೆ ಹೇಳಿಕೊಡುವುದು ತಪ್ಪುತ್ತದೆ. ಅಜ್ಜನ ಸಾಲಿನಲ್ಲಿ C2ಗೆ 14-4-1935 ಹಾಕಿದರೆ 1935ರಿಂದ 8 ಕಳೆದು 1927, ಶೇಷ 7, ಒಂದು ಕೂಡಿಸಿ 8, ಭಾವ. ಅಲ್ಲಿಯೇ 4-4-1935 ಹಾಕಿ ನೋಡಿ, ಯುವ ಬರುತ್ತದೆ. ಮೇಷ್ಟ್ರೂ ಹೊಸೂರಿನವರೂ ಜಗಳ ಮಾಡುತ್ತಿರುವುದು ಆ ಒಂದು ಕೋಶದ ಬಗ್ಗೆ.

ಮೊದಲು ಹೆಸರಿನ ಪಟ್ಟಿಯನ್ನು ಪರೀಕ್ಷಿಸಿ. ನಡುವೆ ಒಂದು ಹೆಸರು ಬಿಟ್ಟುಹೋದರೆ ಅಲ್ಲಿಂದ ಕೆಳಗಿನದ್ದೆಲ್ಲ ಒಂದು ವರ್ಷ ಜಾರುತ್ತದೆ, ಎಕ್ಸೆಲ್ ಏನೂ ಹೇಳುವುದಿಲ್ಲ. 21ರಲ್ಲಿ ಸರ್ವಜಿತ್, 41ರಲ್ಲಿ ಪ್ಲವಂಗ, 60ರಲ್ಲಿ ಅಕ್ಷಯ ಉಂಟೋ ನೋಡಿದರೆ ಗೊತ್ತಾಗುತ್ತದೆ. ಚಿಕ್ಕಮ್ಮನ ಮೂರು ಹೆಸರು ಇಲ್ಲಿಯೂ ಉಪಯೋಗಕ್ಕೆ ಬಂತು.

ಇನ್ನೊಂದು: 1900ಕ್ಕಿಂತ ಹಿಂದಿನದ್ದನ್ನು ಎಕ್ಸೆಲ್ ತಾರೀಕು ಎಂದೇ ಒಪ್ಪುವುದಿಲ್ಲ. ಮುತ್ತಜ್ಜನ ಕಾಲದವರಿಗೆ ಇಸವಿಯನ್ನು ಮಾತ್ರ ಒಂದು ಕೋಶದಲ್ಲಿ ಹಾಕಿ, ಒಂದು ಕಳೆಯಬೇಕೋ ಬೇಡವೋ ನೀವೇ ನೋಡಿ.

ಸೊಲ್ಲಾಪುರ ಸಿದ್ದು

ಮೇಷ್ಟ್ರ, ಶಕೆ ಬ್ಯಾರೆ, ಸಂವತ್ಸರ ಬ್ಯಾರೆ ಅನ್ನೂದು ತಿಳೀತ್ರಿ. ಆದ್ರ ಈಗ ಪಾಲುದಾರನ ಕ್ಯಾಲೆಂಡರ್ ತಗದು ನೋಡಿದೆ. ಅದ್ರಾಗ ಸಂವತ್ಸರದ ಹೆಸರೂ ಅದ! 2024ರ ಯುಗಾದಿಗೆ ನಮ್ಮದು ಕ್ರೋಧಿ, ಅವರದು ಪಿಂಗಳ. ಮರಾಠಿ ಮಂದಿ ಪಾಡವಾದ ಪಂಚಾಂಗದಾಗೂ ನಮ್ಮಂಗ ಕ್ರೋಧಿನs ಅದ. ಒಂದs ಆಕಾಶದ ಕೆಳಗ ಇಷ್ಟು ದೂರ ಹೆಂಗ ಹೋತು?

ಪೆರ್ಲ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಿಮ್ಮ ಊರಿನಲ್ಲಿ ಎರಡೂ ಪಂಚಾಂಗ ಒಂದೇ ಗೋಡೆಯಲ್ಲಿ ಇರುವುದರಿಂದ ಕಂಡಿತು. ನಮಗೆ ಇಲ್ಲಿ ಕಾಣುವುದೇ ಇಲ್ಲ.

ಈ ಅರುವತ್ತು ಹೆಸರುಗಳು ಮೊದಲು ಗುರು ಗ್ರಹದ ಲೆಕ್ಕದವು. ಗುರು ಸರಾಸರಿ ಗತಿಯಲ್ಲಿ ಒಂದು ರಾಶಿ ದಾಟಲು ಸುಮಾರು 361 ದಿನ. ಅದೇ ಒಂದು ಸಂವತ್ಸರ. ಸೌರ ವರ್ಷಕ್ಕಿಂತ ನಾಲ್ಕು ದಿನ ಕಡಿಮೆ. ಆ ನಾಲ್ಕು ದಿನ ಕೂಡಿ ಕೂಡಿ ಸುಮಾರು 85 ವರ್ಷಕ್ಕೆ ಒಂದು ಇಡೀ ಸಂವತ್ಸರವಾಗುತ್ತದೆ. ಆಗ ಉತ್ತರದವರು ಒಂದು ಹೆಸರನ್ನು ದಾಟಿಸಿ ಮುಂದಿನದಕ್ಕೆ ಹೋಗುತ್ತಾರೆ. ದಕ್ಷಿಣದಲ್ಲೂ ಹಿಂದೆ ಹೀಗೆಯೇ ಇತ್ತು. ಹತ್ತನೆಯ ಶತಮಾನದ ಸುಮಾರಿಗೆ ನಾವು ದಾಟಿಸುವುದನ್ನು ಬಿಟ್ಟೆವು. ಗುರು ಎಲ್ಲಿದ್ದರೂ ಸರಿ, ವರ್ಷಕ್ಕೊಂದು ಹೆಸರು ಎಂದಾಯಿತು. ಅಲ್ಲಿಂದ ಇಲ್ಲಿಗೆ ಸಾವಿರದ ನೂರು ವರ್ಷ ಮಿಕ್ಕಿ ಆಯಿತು, 85ರಿಂದ ಭಾಗಿಸಿದರೆ ಹದಿಮೂರು ಬರುತ್ತದೆ. ಕ್ರೋಧಿ 38ನೆಯದು, ಪಿಂಗಳ 51ನೆಯದು. ನಿಮ್ಮ ಗೋಡೆಯಲ್ಲಿಯೂ ಅದೇ ಹದಿಮೂರರ ಅಂತರ.

ನಾವೆಲ್ಲ ಇಲ್ಲಿ ಮಾಡುತ್ತಿರುವ 6 ಕಳೆಯುವ ಲೆಕ್ಕ ಆ ಕ್ಯಾಲೆಂಡರಿಗೆ ಹೊಂದುವುದಿಲ್ಲ. ಈಗ ಹದಿಮೂರು ಕೂಡಿಸಿಬಿಡುತ್ತೇನೆ ಎಂದು ಹೊರಟರೂ ಎಲ್ಲ ಕಾಲಕ್ಕೂ ಆಗುವುದಿಲ್ಲ, ಹಿಂದಕ್ಕೆ ಹೋದ ಹಾಗೆ ಅಂತರ ಕಡಿಮೆಯಾಗುತ್ತದೆ. ಗುರುವಿನ ಸಂವತ್ಸರ ಯುಗಾದಿಯ ದಿನವೇ ಬದಲಾಗಬೇಕೆಂದೂ ಇಲ್ಲ. ವರ್ಷದ ನಡುವೆ ಯಾವಾಗಲೋ ಬದಲಾಗುತ್ತದೆ. ಅದಕ್ಕೆ ಉತ್ತರದ ಎರಡು ಪಂಚಾಂಗಗಳಲ್ಲಿಯೇ ಹೆಸರು ಒಂದು ಆಚೀಚೆ ಇರುವುದುಂಟು.

ಬಾವಿಕಟ್ಟೆ, ಮಂಜೇಶ್ವರ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನದು ಉಲ್ಟಾ ಸಮಸ್ಯೆ. ಹೆಸರು ಉಂಟು, ಇಸವಿ ಇಲ್ಲ. ತರವಾಡು ಮನೆಯ ಬಾವಿಯ ಒಳಗಿನ ಕಲ್ಲಿನಲ್ಲಿ "ಪ್ರಮಾದಿ ಸಂವತ್ಸರದ ವೈಶಾಖ" ಎಂದು ಕೆತ್ತಿದ್ದಾರೆ. ಶಕ ವರ್ಷ ಇಲ್ಲ. ಪಟ್ಟಿ ನೋಡಿದರೆ 13ರಲ್ಲಿ ಪ್ರಮಾಥಿ, 47ರಲ್ಲಿ ಪ್ರಮಾದೀಚ. ಕೆಲವು ಪಟ್ಟಿಯಲ್ಲಿ 47ಕ್ಕೆ ಪ್ರಮಾದಿ ಎಂದೇ ಇದೆ. ನಮ್ಮ ಬಾವಿ ಯಾವ ಕಾಲದ್ದು?

ಹೊಸೂರಿನವ

ಪ್ರಮಾದಿ ಅಂತ ಕಲ್ಲಲ್ಲೇ ಇದ್ದರೆ 47. ಇನ್ನೇನು ಯೋಚನೆ? 1973.

ನೀರ್ಚಾಲು ಚಿಕ್ಕಮ್ಮ

ಬಾವಿ ಕಲ್ಲು ಕೆತ್ತುವವನು ಥಕಾರ ದಕಾರ ನೋಡಿ ಕೆತ್ತುತ್ತಾನಾ? ಹೇಳಿದವರು ಹೇಗೆ ಹೇಳಿದರೋ ಹಾಗೆ.

ಪೆರ್ಲ ಮೇಷ್ಟ್ರು

ಚಿಕ್ಕಮ್ಮ ಹೇಳಿದ್ದು ಹೌದು. ಅಕ್ಷರ ನೋಡಿ ತೀರ್ಮಾನ ಮಾಡಲಾಗದು. ಹತ್ತಿರ ಹತ್ತಿರದ ಹೆಸರುಗಳು ಪಟ್ಟಿಯಲ್ಲಿ ಇನ್ನೂ ಇವೆ. ಕ್ರೋಧಿ ಮತ್ತು ಕ್ರೋಧನ, ವಿರೋಧಿ ಮತ್ತು ವಿರೋಧಿಕೃತು. ಕಲ್ಲು ಸ್ವಲ್ಪ ಒಡೆದರೂ ಒಂದು ಇನ್ನೊಂದಾಗುತ್ತದೆ.

ಪ್ರಮಾಥಿ ಆದರೆ 1939, ಇಲ್ಲವೇ ಅರುವತ್ತು ಹಿಂದಕ್ಕೆ 1879. ಪ್ರಮಾದೀಚ ಆದರೆ 1973, ಇಲ್ಲವೇ 1913. ವೈಶಾಖ ಎಂದಿರುವುದರಿಂದ ಯುಗಾದಿ ದಾಟಿದೆ. ಚಾಂದ್ರಮಾನದವರು ಕೆತ್ತಿಸಿದ್ದಾದರೆ ಇಸವಿಯಲ್ಲಿ ಒಂದು ಹೆಚ್ಚು ಕಡಿಮೆ ಮಾಡಬೇಕಾಗಿಲ್ಲ. ಇನ್ನು ಉಳಿದದ್ದು ಮನೆಯವರ ನೆನಪು. ಬಾವಿ ಯಾವಾಗಿಂದ ಉಂಟು ಎಂದು ಹೇಳುವವರು ಯಾರಾದರೂ ಇದ್ದಾರೆಯೇ?

ಬಾವಿಕಟ್ಟೆ, ಮಂಜೇಶ್ವರ

ಅಜ್ಜಿ ಇದ್ದಾರೆ. 1950ರ ಹೊತ್ತಿಗೆ ಮದುವೆಯಾಗಿ ಬಂದಾಗ ಇದೇ ಬಾವಿಯಿಂದ ನೀರು ಸೇದಿದ್ದೇನೆ ಎನ್ನುತ್ತಾರೆ. ಆಗಲೇ ಕಟ್ಟೆ ಹಳೆಯದಾಗಿತ್ತಂತೆ.

ಪೆರ್ಲ ಮೇಷ್ಟ್ರು

ಹಾಗಾದರೆ 1973 ಬಿಟ್ಟಿತು. ಉಳಿದದ್ದರಲ್ಲಿ 1913 ಅಥವಾ 1939. ಬಾವಿ ಹನ್ನೊಂದು ವರ್ಷದ್ದಾದರೆ ಕಟ್ಟೆ ಹಳೆಯದು ಎನ್ನುವರೋ, ಮೂವತ್ತೇಳು ವರ್ಷದ್ದಾದರೆ ಎನ್ನುವರೋ, ಅಜ್ಜಿಯ ಮಾತಿನಿಂದ ನನಗೆ ಹೇಳಲು ಬಾರದು. 1879 ಕೂಡ ಪೂರ್ತಿ ಹೋಗಲಿಲ್ಲ.

ಮನೆಯಲ್ಲಿ ಹಳೆಯ ತೀರ್ವೆ ರಶೀದಿ, ಪಾಲುಪಟ್ಟಿ ಇದ್ದರೆ ಹುಡುಕಿ. ಮದರಾಸು ಸರಕಾರದ ಕಾಲದ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಇಸವಿ, ಜುಲೈಯಿಂದ ಶುರು. 1939ರ ವೈಶಾಖ ಜುಲೈಗೆ ಮೊದಲೇ ಆದ್ದರಿಂದ ಫಸಲಿ 1348ರಲ್ಲಿ ಬರುತ್ತದೆ, 1349ರಲ್ಲಿ ಅಲ್ಲ. ಅದಕ್ಕಿಂತ ಹಿಂದಿನ ಪಾಲುಪಟ್ಟಿಯಲ್ಲಿ ಬಾವಿ ಸಹಿತ ಜಾಗ ಎಂದು ಬರೆದಿದ್ದರೆ 1939 ತಾನಾಗಿ ಬಿಟ್ಟುಹೋಗುತ್ತದೆ.

ತೋಟದಮನೆ, ಬದಿಯಡ್ಕ

ಎಲ್ಲರಿಗೂ ಉಪಕಾರ ಆಯಿತು. ಅಜ್ಜನ ಹೆಸರಿನ ಎದುರು "ಭಾವ ಸಂವತ್ಸರ, ಮೀನ 26, 1935 ಏಪ್ರಿಲ್ 8" ಎಂದು ಹಾಕುತ್ತೇನೆ. ಪುಸ್ತಕದ ಮೊದಲ ಪುಟದಲ್ಲಿ ಸಂವತ್ಸರಗಳೆಲ್ಲ ಸೌರಮಾನದವು ಎಂದು ಒಂದು ಸಾಲು ಬರೆಯುತ್ತೇನೆ, ಹೊಸೂರಿನವರ ಬೆಂಗಳೂರು ಓದುಗರಿಗಾಗಿ. ಲೆಕ್ಕದಕ್ಕನ ಸೂತ್ರ ಹಾಕಿದೆ. ಮಾರ್ಚ್ ಕೊನೆಯಲ್ಲಿ ಹುಟ್ಟಿದ ಇನ್ನೂ ಕೆಲವರು ಕುಟುಂಬದಲ್ಲಿ ಇದ್ದಾರೆ, ಅವರದ್ದೆಲ್ಲ ಈಗ ಜಾತಕಕ್ಕೆ ಹೊಂದುತ್ತಿದೆ.

ಸೊಸೆಯಂದಿರದ್ದು ಮಾತ್ರ ಉಳಿಯಿತು. ಚಿಕ್ಕಮ್ಮ ಒಬ್ಬರು ಘಟ್ಟದ ಮೇಲಿನವರು, ಅವರ ಜಾತಕ ಚೈತ್ರ ಶುದ್ಧ ಎಂದು ಶುರುವಾಗುತ್ತದೆ. ಅವರಿಗೆ ತವರಿನ ಲೆಕ್ಕ ಹಾಕುವುದೋ ನಮ್ಮ ಲೆಕ್ಕವೋ?

ಹೊಸೂರಿನವ

ತವರಿನದ್ದೇ ಹಾಕಿ ಸಾರ್. ಅದರಲ್ಲಾದರೂ ಯುಗಾದಿ ಉಳಿಯಲಿ.

ಪೆರ್ಲ ಮೇಷ್ಟ್ರು

ಜಾತಕದಲ್ಲಿ ಇದ್ದದ್ದನ್ನು ಹಾಗೇ ಬರೆದು, ಪಕ್ಕದಲ್ಲಿ ಚಾಂದ್ರ ಎಂದು ಸಣ್ಣದಾಗಿ ಹಾಕಿದರೆ ಆಗುತ್ತದೆ ಎಂದು ನನ್ನ ಅಭಿಪ್ರಾಯ. ದೊಡ್ಡಪ್ಪ ಒಪ್ಪುತ್ತಾರೋ ನೋಡಿ.

ಬಾವಿಕಟ್ಟೆ, ಮಂಜೇಶ್ವರ

ಮೇಷ್ಟ್ರೇ, ಪಾಲುಪಟ್ಟಿ ಒಂದು ಸಿಕ್ಕಿದೆ. ಫಸಲಿ 1341 ಅಂತ ಓದಲು ಆಗುತ್ತದೆ, ಅಂದರೆ 1931-32. ಬಾವಿಯ ಮಾತು ಉಂಟು, ಆದರೆ "ಮೇಲಿನ ಬಾವಿ" ಎಂದು ಬರೆದಿದ್ದಾರೆ. ನಮ್ಮ ಜಾಗದಲ್ಲಿ ಈಗ ಇರುವುದು ಒಂದೇ ಬಾವಿ, ಅದೂ ಕೆಳಗಿನ ಹಿತ್ತಿಲಲ್ಲಿ. ಮೇಲಿನದ್ದು ಯಾವುದು ಅಂತ ಅಜ್ಜಿಗೂ ಗೊತ್ತಿಲ್ಲ.